ಶಾಲೆ ಮೈದಾನದ ನಕ್ಷೆ: ಟೇಪು, ಹಗ್ಗ, ಗೂಟ ಹಿಡಿದು ಮಾಡಿದ ಕೆಲಸದ ದಾಖಲೆ

ಏಳನೇ ತರಗತಿಯ ಮಕ್ಕಳಿಗೆ 'ಉತ್ತರ ಎಲ್ಲಿದೆ?' ಅಂತ ಕೇಳಿದರೆ ಮುಕ್ಕಾಲು ಮಂದಿ ಕರಿಹಲಗೆ ಕಡೆ ಕೈ ತೋರಿಸುತ್ತಾರೆ. ಅದಕ್ಕೆ ಕಾರಣ ಇದೆ. ಅವರು ನೋಡಿದ ನಕ್ಷೆಗಳೆಲ್ಲ ಗೋಡೆಗೆ ನೇತುಹಾಕಿದಂಥವು. ಅವುಗಳ ಮೇಲ್ಭಾಗದಲ್ಲಿ ಉತ್ತರ ಇರುತ್ತದೆ. ಹಾಗಾಗಿ ಉತ್ತರ ಅಂದರೆ 'ಮೇಲೆ', ಇಲ್ಲವೇ 'ಎದುರಿಗೆ' ಅಂತ ತಲೆಯಲ್ಲಿ ಕೂತುಬಿಟ್ಟಿದೆ. ಇದನ್ನು ಬಾಯಿಮಾತಲ್ಲಿ ತಿದ್ದಲು ಆಗಲ್ಲ. ನೆಲದ ಮೇಲೆ ಮಲಗಿಸಿ ಓದುವ ಒಂದು ನಕ್ಷೆ ಬೇಕು. ಅದರಲ್ಲಿರುವ ಪ್ರತಿ ಗುರುತೂ ಮಕ್ಕಳ ಕಣ್ಣೆದುರಿಗೇ ಇರಬೇಕು. ಅದಕ್ಕೆ ಶಾಲೆ ಮೈದಾನಕ್ಕಿಂತ ಒಳ್ಳೆ ಜಾಗ ಇನ್ನೊಂದಿಲ್ಲ. ನಕ್ಷೆಯನ್ನು ಮಕ್ಕಳ ಕೈಯಲ್ಲೇ ಮಾಡಿಸಿದೆವು. ಹೇಗೆ ಅಂತ ಇಲ್ಲಿ ಬರೆದಿದ್ದೇನೆ.

ಸಾಮಾನು ಜಾಸ್ತಿ ಏನಿಲ್ಲ. ಪಿ.ಟಿ. ಮೇಷ್ಟ್ರ ಹತ್ತಿರ ಇದ್ದ 30 ಮೀಟರ್ ಟೇಪು, ಸುಣ್ಣದ ಪುಡಿ, ಉದ್ದನೆ ಹಗ್ಗ, ಒಂದಷ್ಟು ಗೂಟ, ಒಂದು ಮೀಟರ್ ಉದ್ದದ ನೇರ ಕೋಲು, ಎ3 ಹಾಳೆ, ಪೆನ್ಸಿಲ್, ಅಳತೆಪಟ್ಟಿ. ದಿಕ್ಸೂಚಿ ಇತ್ತು, ಆದರೆ ಬೇಕಂತಲೇ ಪೆಟ್ಟಿಗೆಯಲ್ಲೇ ಇಟ್ಟೆ.

ಮೂಲೆಗಳು

ಮೊದಲು ಮೈದಾನದ ನಾಲ್ಕು ಮೂಲೆಗೆ ಗೂಟ ಹೊಡೆದು ಕ, ಖ, ಗ, ಘ ಅಂತ ಹೆಸರಿಟ್ಟೆವು. ಗೇಟು ಇರುವ ಗೋಡೆಯ ಎರಡು ತುದಿ ಕ ಮತ್ತು ಖ. ಅಲ್ಲಿಂದ ಸುತ್ತಿಕೊಂಡು ಹೋದರೆ ಗ, ಆಮೇಲೆ ಘ, ಮತ್ತೆ ಕ.

ನೋಡಿದರೆ ಮೈದಾನ ನೆಟ್ಟಗಿನ ಆಯತದ ಹಾಗೇ ಕಾಣುತ್ತದೆ. ಮಕ್ಕಳು ಉದ್ದ ಒಂದು, ಅಗಲ ಒಂದು ಅಳೆದು ಮುಗಿಸೋಣ ಅಂದರು. ನಾಲ್ಕೂ ಬದಿ ಅಳೆಯಿರಿ, ಜೊತೆಗೆ ಎರಡೂ ಕರ್ಣ ಅಳೆಯಿರಿ ಅಂದೆ. ಸಿಕ್ಕಿದ್ದು ಇಷ್ಟು: ಕಖ 56 ಮೀಟರ್, ಖಗ 38.1, ಗಘ 51, ಘಕ 40. ಕರ್ಣಗಳಲ್ಲಿ ಕಗ 65.2, ಖಘ 67.2. ಎದುರುಬದುರು ಬದಿಗಳಲ್ಲೇ 5 ಮೀಟರ್ ವ್ಯತ್ಯಾಸ. ಕರ್ಣಗಳೂ ಸಮ ಇಲ್ಲ. ಅಂದರೆ ಇದು ಆಯತ ಅಲ್ಲವೇ ಅಲ್ಲ.

ಕರ್ಣ ಯಾಕೆ ಮುಖ್ಯ ಅಂದರೆ, ನಾಲ್ಕು ಬದಿ ಗೊತ್ತಿದ್ದ ಮಾತ್ರಕ್ಕೆ ಆಕಾರ ಗೊತ್ತಾಗಲ್ಲ. ನಾಲ್ಕು ಕಡ್ಡಿಗಳನ್ನು ತುದಿಗೆ ತುದಿ ಕಟ್ಟಿ ಹಿಂಡಿದರೆ ಚೌಕಟ್ಟು ಓರೆಯಾಗುತ್ತದೆ, ಬದಿಗಳ ಉದ್ದ ಮಾತ್ರ ಹಾಗೇ ಉಳಿಯುತ್ತದೆ. ನಡುವೆ ಓರೆಯಾಗಿ ಇನ್ನೊಂದು ಕಡ್ಡಿ ಕಟ್ಟಿದ ಮೇಲೆ ಅದು ಅಲ್ಲಾಡಲ್ಲ. ಕಡ್ಡಿ ಕಟ್ಟಿಯೇ ತೋರಿಸಿದೆ, ಎರಡು ನಿಮಿಷದ ಕೆಲಸ.

ಟೇಪು ಹಿಡಿಯುವಾಗ ಎರಡು ವಿಷಯ ಕಾಯಬೇಕು. ಸಡಿಲ ಬಿಟ್ಟರೆ, ಇಲ್ಲವೇ ಡೊಂಕಾಗಿ ಹೋದರೆ, ಟೇಪು ಯಾವಾಗಲೂ ನಿಜಕ್ಕಿಂತ ಜಾಸ್ತಿಯನ್ನೇ ತೋರಿಸುತ್ತದೆ. ಹಾಗಾಗಿ ಒಂದೇ ಗೆರೆಯನ್ನು ಎರಡು ಗುಂಪು ಅಳೆದು ಬೇರೆ ಬೇರೆ ಲೆಕ್ಕ ಬಂದರೆ, ಸಣ್ಣದನ್ನು ಮೊದಲು ನಂಬಬಹುದು. ಇನ್ನೊಂದು, 30 ಮೀಟರ್ ಮುಗಿದ ಕಡೆ ಗೂಟ ನೆಟ್ಟೇ ಮುಂದಕ್ಕೆ ಹೋಗಬೇಕು. ಹಿಮ್ಮಡಿಯಿಂದ ಗುರುತು ಮಾಡಿಕೊಂಡರೆ ಅದು ಮುಂದಿನ ಸಲ ನೋಡುವಷ್ಟರಲ್ಲಿ ಅರ್ಧ ಅಡಿ ಸರಿದಿರುತ್ತದೆ.

ಹಾಳೆಗೆ ಇಳಿಸುವುದು

ಪ್ರಮಾಣ 1:200 ಇಟ್ಟುಕೊಂಡೆವು. ಹಾಳೆಯ 1 ಸೆಂ.ಮೀ. ಅಂದರೆ ನೆಲದ 2 ಮೀಟರ್. ಮಕ್ಕಳು ತಲೆಯಲ್ಲೇ ಎರಡರಿಂದ ಭಾಗಿಸಿಕೊಳ್ಳಬಹುದು. 56 ಮೀಟರ್ ಗೋಡೆ 28 ಸೆಂ.ಮೀ. ಆಗುತ್ತದೆ, ಎ3 ಹಾಳೆಯಲ್ಲಿ ಆರಾಮಾಗಿ ಕೂರುತ್ತದೆ.

ಮೊದಲು ಹಾಳೆಯ ಕೆಳಗಡೆ ಕಖ ಗೆರೆ, 28 ಸೆಂ.ಮೀ. ಆಮೇಲೆ ಕ ಇಂದ 32.6 ಸೆಂ.ಮೀ. ಕಂಸ, ಖ ಇಂದ 19 ಸೆಂ.ಮೀ.ಗಿಂತ ಕೂದಲೆಳೆ ಜಾಸ್ತಿ ಇನ್ನೊಂದು ಕಂಸ. ಎರಡೂ ಕೂಡುವ ಜಾಗವೇ ಗ. ಅದೇ ರೀತಿ ಕ ಇಂದ 20, ಗ ಇಂದ 25.5 ಎಳೆದರೆ ಘ ಸಿಗುತ್ತದೆ. ಶಾಲೆಯ ಕೈವಾರ ಇಷ್ಟು ಅಗಲಕ್ಕೆ ಬಾಯಿ ತೆರೆಯಲ್ಲ. ದಾರ ಕಟ್ಟಿದರೆ ಅದು ಹಿಗ್ಗುತ್ತದೆ. ರಟ್ಟಿನ ಉದ್ದ ಪಟ್ಟಿ ಕತ್ತರಿಸಿ, ಒಂದು ತುದಿಗೆ ಗುಂಡುಪಿನ್ನು, ಬೇಕಾದ ಅಳತೆಗೆ ಪೆನ್ಸಿಲ್ ಮೊನೆ ಹೋಗುವಷ್ಟು ತೂತು ಮಾಡಿದೆವು. ಅದು ಚೆನ್ನಾಗಿ ಕೆಲಸ ಮಾಡಿತು.

ಇಲ್ಲಿಯವರೆಗೆ ಖಘ ಕರ್ಣವನ್ನು ಎಲ್ಲೂ ಬಳಸಿಲ್ಲ, ಗಮನಿಸಿದಿರಾ? ಅದನ್ನು ಪರೀಕ್ಷೆಗೆ ಅಂತಲೇ ಎತ್ತಿಟ್ಟಿದ್ದು. ನೆಲದ ಮೇಲೆ ಅದು 67.2 ಮೀಟರ್. ಹಾಗಾದರೆ ಹಾಳೆಯ ಮೇಲೆ 33.6 ಸೆಂ.ಮೀ. ಬರಲೇಬೇಕು. ಎರಡು ಮಿಲಿಮೀಟರ್ ಆಚೆ ಈಚೆ ಆದರೆ ಪರವಾಗಿಲ್ಲ. ಪೆನ್ಸಿಲ್ ಮೊನೆ, ಟೇಪಿನ ಎಳೆತ ಎಲ್ಲ ಸೇರಿ ಅಷ್ಟು ಆಗುತ್ತದೆ. ಅದು ನೆಲದ ಲೆಕ್ಕದಲ್ಲಿ 40 ಸೆಂ.ಮೀ. ಅದಕ್ಕಿಂತ ಹೆಚ್ಚಾದರೆ ಎಲ್ಲೋ ಅಳತೆಯೇ ತಪ್ಪಿದೆ.

ಒಂದು ಗುಂಪಿನ ಹಾಳೆಯಲ್ಲಿ ಸರಿಯಾಗಿ 34 ಸೆಂ.ಮೀ. ಬಂತು. 'ನಾಲ್ಕು ಮಿಲಿಮೀಟರ್ ತಾನೇ ಸಾರ್' ಅಂದರು. ನೆಲದ ಮೇಲೆ ಅದು 80 ಸೆಂ.ಮೀ. ಯಾವ ಬದಿ ತಪ್ಪಿದೆ ಅಂತ ಪರೀಕ್ಷೆಯ ಗೆರೆ ತಾನಾಗಿ ಹೇಳಲ್ಲ. ತಪ್ಪಿದೆ ಅಂತ ಮಾತ್ರ ಹೇಳುತ್ತದೆ. ಹಾಗಾಗಿ ಪುಸ್ತಕ ತೆಗೆದು ಪಕ್ಕದ ಗುಂಪಿನ ಲೆಕ್ಕದ ಜೊತೆ ಸಾಲುಸಾಲಾಗಿ ಹೋಲಿಸಿದರು. ಗಘ ಬದಿಗೆ ಒಬ್ಬರು 51, ಇವರು 52. ಟೇಪನ್ನು ಎರಡು ಸಲ ಹಾಸಬೇಕಾದ ಬದಿ ಅದು: 30 ಮತ್ತು 21. ಕೊನೆಯ ತುಂಡಿನ 21ನ್ನು 22 ಅಂತ ಓದಿದ್ದರು. ಟೇಪಿನಲ್ಲಿ ಮೀಟರ್ ಅಂಕಿ ಒಂದು ಕಡೆ, ಸೆಂಟಿಮೀಟರ್ ಅಂಕಿ ಇನ್ನೊಂದು ಕಡೆ ಇದ್ದರೆ ಮುಂದಿನ ಅಂಕಿಯನ್ನು ಓದಿಬಿಡುವುದು ಮಾಮೂಲು. ಗ ಗೆ ಹೋಗಿ ಮತ್ತೆ ಅಳೆದು, ಘ ಅನ್ನು ಅಳಿಸಿ ಹೊಸದಾಗಿ ಗುರುತು ಮಾಡಿದರು. ಈ ಸಲ 33.6 ಕೂತಿತು.

ಒಳಗಿನ ವಸ್ತುಗಳು

ಬಾವುಟದ ಕಂಬ, ದೊಡ್ಡ ಮರ, ನಲ್ಲಿ, ಗೇಟು. ಇವು ನಾಲ್ಕೇ ಸಾಕು ಅಂತ ನಾನು ಹಟ ಹಿಡಿದೆ. ಮಕ್ಕಳಿಗೆ ಕಲ್ಲುಬೆಂಚು, ಗಿಡ, ಗೋಲಿ ಆಡುವ ಗುಳಿಯನ್ನೂ ಹಾಕುವ ಆಸೆ. ಮೊದಲ ನಕ್ಷೆ ಖಾಲಿ ಖಾಲಿ ಇದ್ದರೇ ಒಳ್ಳೆಯದು.

ಗೇಟು ಸುಲಭ. ಕಖ ಗೆರೆಯ ಮೇಲೆ, ಕ ಇಂದ 30 ಮೀಟರ್. ಕಂಬಕ್ಕೆ ಎರಡು ಮೂಲೆಯಿಂದ ಟೇಪು ಎಳೆದೆವು: ಕ ಇಂದ 25, ಖ ಇಂದ 39. ಹಾಳೆಯಲ್ಲಿ 12.5 ಮತ್ತು 19.5 ಸೆಂ.ಮೀ. ಕಂಸ. ಎರಡು ಕಂಸ ಎರಡು ಕಡೆ ಕೂಡುತ್ತವೆ, ಆದರೆ ಒಂದು ಗೋಡೆಯ ಆಚೆ ಬೀಳುವುದರಿಂದ ಗೊಂದಲ ಇಲ್ಲ. ಮರ ಕ ಇಂದ 51.6, ಖ ಇಂದ 29.5. ನಲ್ಲಿಗೆ ಮಾತ್ರ ಮೂಲೆ ಬದಲಿಸಿದೆವು: ಕ ಇಂದ 35.4, ಘ ಇಂದ 10. ಕಂಸಗಳು ಒಂದನ್ನೊಂದು ಅಡ್ಡಡ್ಡ ಕತ್ತರಿಸಿದರೆ ಬಿಂದು ಚೂಪಾಗಿ ಸಿಗುತ್ತದೆ. ಸವರಿಕೊಂಡು ಹೋದ ಹಾಗೆ ಕತ್ತರಿಸಿದರೆ ಬಿಂದು ಎಲ್ಲಿ ಅಂತಲೇ ತಿಳಿಯಲ್ಲ. ಹಾಳೆಯ ಮೇಲೆ ಕಂಸಗಳು ಜಾರಿಕೊಂಡು ಹೋಗುವುದು ಕಂಡರೆ ಬೇರೆ ಮೂಲೆಯಿಂದ ಅಳೆಯಬೇಕು ಅಂತ ಅರ್ಥ.

ಉತ್ತರ

ನಿಜವಾದ ಮಜಾ ಇಲ್ಲಿಂದ. ನಕ್ಷೆ ಆಯಿತು, ಉತ್ತರ ಮಾತ್ರ ಎಲ್ಲೂ ಇಲ್ಲ. ಗೇಟಿನ ಗೋಡೆ ದಕ್ಷಿಣಕ್ಕಿದೆ ಅಂತ ಎಲ್ಲರೂ ಹೇಳಿಕೊಂಡು ಬಂದಿದ್ದಾರೆ. ನೋಡೋಣ ಅಂತ ಕೋಲು ನೆಟ್ಟೆವು.

ಸಮತಟ್ಟಾದ, ನೆರಳು ಬೀಳದ ಜಾಗದಲ್ಲಿ ಒಂದು ಮೀಟರ್ ಕೋಲು. ಪಕ್ಕದಲ್ಲಿ ದಾರಕ್ಕೆ ಕಲ್ಲು ಕಟ್ಟಿ ತೂಗುಬಿಟ್ಟು, ಕೋಲು ನೆಟ್ಟಗಿದೆಯಾ ಅಂತ ಎರಡು ಕಡೆಯಿಂದ ನೋಡಿದೆವು. ಓರೆ ಇದ್ದರೆ ಮುಂದಿನದೆಲ್ಲ ಓರೆಯೇ. ಬೆಳಗ್ಗೆ ಹತ್ತರ ಹೊತ್ತಿಗೆ ನೆರಳಿನ ತುದಿಗೆ ಒಂದು ಮೊಳೆ. ಕೋಲಿನ ಬುಡಕ್ಕೆ ಹಗ್ಗ ಕಟ್ಟಿ, ಆ ನೆರಳಿನ ಉದ್ದಕ್ಕೆ ಸರಿಯಾಗಿ ಸುಣ್ಣದ ವೃತ್ತ ಎಳೆದೆವು. ಹೊತ್ತು ಏರಿದ ಹಾಗೆ ನೆರಳು ಕುಗ್ಗಿ ವೃತ್ತದ ಒಳಗೆ ಹೋಗುತ್ತದೆ. ಮಧ್ಯಾಹ್ನದ ಮೇಲೆ ಬೆಳೆದು ಇನ್ನೊಂದು ಕಡೆ ಮತ್ತೆ ವೃತ್ತವನ್ನು ಮುಟ್ಟುತ್ತದೆ. ಮುಟ್ಟಿದ ಕ್ಷಣ ಅಲ್ಲಿ ಎರಡನೇ ಮೊಳೆ. ಇಷ್ಟಕ್ಕೆ ಒಬ್ಬರು ಅಲ್ಲೇ ಕಾಯುತ್ತಾ ಕೂರಬೇಕು. ಪಾಳಿ ಹಾಕಿದ್ದೆ.

ಎರಡು ಮೊಳೆಗಳನ್ನು ಸೇರಿಸಿದ ಗೆರೆ ಪೂರ್ವ-ಪಶ್ಚಿಮ. ನೆರಳಿನ ಉದ್ದ ಒಂದೇ ಅಂದರೆ ಎರಡೂ ಹೊತ್ತಿಗೆ ಸೂರ್ಯ ಒಂದೇ ಎತ್ತರದಲ್ಲಿದ್ದ, ಒಮ್ಮೆ ಆ ಕಡೆ, ಒಮ್ಮೆ ಈ ಕಡೆ. ಬೆಳಗಿನ ನೆರಳು ಪಶ್ಚಿಮಕ್ಕೆ ಬೀಳುತ್ತದೆ, ಹಾಗಾಗಿ ಮೊದಲ ಮೊಳೆ ಪಶ್ಚಿಮ. ಅದನ್ನು ಎಡಗೈ ಕಡೆಗೆ ಇಟ್ಟುಕೊಂಡು ನಿಂತರೆ ಎದುರಿಗೆ ಇರುವುದು ಉತ್ತರ. ಗಡಿಯಾರದಲ್ಲಿ ಸರಿಯಾಗಿ 12ಕ್ಕೆ ನೆರಳು ನೋಡಿ ಉತ್ತರ ಅನ್ನುವ ಸುಲಭದ ದಾರಿಯನ್ನು ಕೈಬಿಟ್ಟಿದ್ದೇಕೆ ಅಂದರೆ, ಗಡಿಯಾರದ ಹನ್ನೆರಡಕ್ಕೆ ಸೂರ್ಯ ನೆತ್ತಿಯ ಗೆರೆಗೆ ಬಂದಿರಲೇಬೇಕು ಅಂತೇನಿಲ್ಲ. ಜೊತೆಗೆ ಉಷ್ಣವಲಯದ ಊರುಗಳಲ್ಲಿ ವರ್ಷದ ಕೆಲವು ಕಾಲ ನಡುಹಗಲಿನ ನೆರಳು ಉಲ್ಟಾ ಕಡೆಗೆ ಬೀಳುತ್ತದೆ.

ಪೂರ್ವ-ಪಶ್ಚಿಮ ಗೆರೆಗೆ ಅಡ್ಡಲಾಗಿ ಗೆರೆ ಎಳೆಯಲು ಎರಡು ಮೊಳೆಗಳಿಂದಲೂ ಒಂದೇ ಉದ್ದದ ಹಗ್ಗ ಹಿಡಿದು ಎರಡೂ ಕಡೆ ಕಂಸ ಎಳೆದೆವು, ಕೂಡಿದ ಎರಡು ಜಾಗಗಳನ್ನು ಸೇರಿಸಿದೆವು. ಗೆರೆಯ ನಡುಬಿಂದುವನ್ನು ಕೋಲಿನ ಬುಡಕ್ಕೆ ಸೇರಿಸಿದರೂ ಅದೇ ಗೆರೆ ಬರಬೇಕು. ಆದರೆ ಕೆಲವು ಕಾಲದಲ್ಲಿ ಆ ಎರಡು ಬಿಂದು ತೀರ ಹತ್ತಿರ ಇರುತ್ತವೆ. ಹತ್ತಿರದ ಎರಡು ಬಿಂದುಗಳಿಂದ ಉದ್ದ ಗೆರೆ ಎಳೆದರೆ ಸೊಟ್ಟ ಹೋಗುವುದು ಗ್ಯಾರಂಟಿ.

ಆ ಗೆರೆಯನ್ನು ಹಗ್ಗ ಬಿಗಿದು ಗೇಟಿನ ಗೋಡೆಯವರೆಗೆ ತಂದೆವು. ಗೋಡೆ ಮುಟ್ಟಿದ ಜಾಗಕ್ಕೆ 'ಪ' ಅಂತ ಹೆಸರು. ಪ ಇಂದ ಉತ್ತರದ ಗೆರೆಯ ಮೇಲೆ 10 ಮೀಟರ್, ಪ ಇಂದ ಖ ಕಡೆಗೆ ಗೋಡೆಯ ಮೇಲೆ 10 ಮೀಟರ್. ಆ ಎರಡು ತುದಿಗಳ ನಡುವೆ ಟೇಪು ಹಿಡಿದರೆ 12.2 ಮೀಟರ್ ಬಂತು. ಉತ್ತರ ಗೋಡೆಗೆ ಲಂಬವಾಗಿದ್ದಿದ್ದರೆ 14.1 ಬರಬೇಕಿತ್ತು. ಅಂದರೆ ಕೋನ 90 ಅಲ್ಲ, ಸುಮಾರು 75 ಡಿಗ್ರಿ. 'ದಕ್ಷಿಣದ ಗೋಡೆ' ಹದಿನೈದು ಡಿಗ್ರಿ ತಿರುಗಿ ಕೂತಿದೆ. ಈ ತ್ರಿಕೋನವನ್ನೇ 5, 5, 6.1 ಸೆಂ.ಮೀ. ಮಾಡಿ ಹಾಳೆಯ ಮೇಲೆ ಎಳೆದರೆ ಉತ್ತರದ ಬಾಣ ಸಿಕ್ಕಿತು. ಕೋನಮಾಪಕ ಬೇಕಾಗಲೇ ಇಲ್ಲ.

ಆಮೇಲೆ ದಿಕ್ಸೂಚಿ ಹೊರಗೆ ಬಂತು. ಸುಣ್ಣದ ಗೆರೆಯ ಮೇಲೆ ಇಟ್ಟಾಗ ಮುಳ್ಳು ಗೆರೆಯ ಜೊತೆ ಹೆಚ್ಚುಕಡಿಮೆ ಒಂದಾಯಿತು. ಬಾವುಟದ ಕಬ್ಬಿಣದ ಕಂಬದ ಬುಡಕ್ಕೆ ಒಯ್ದಾಗ ಕಣ್ಣಿಗೆ ಕಾಣುವಷ್ಟು ತಿರುಗಿತು. ಕಾಂತದ ಉತ್ತರ ಮತ್ತು ಸೂರ್ಯನ ಲೆಕ್ಕದ ಉತ್ತರದ ನಡುವೆ ವ್ಯತ್ಯಾಸ ಇರುತ್ತದೆ, ಅದು ಊರಿಂದ ಊರಿಗೆ ಬೇರೆ. ಈ ಮಕ್ಕಳಿಗೆ ಸದ್ಯಕ್ಕೆ ಅಷ್ಟು ಹೇಳಿದರೆ ಸಾಕು.

ನಕ್ಷೆಯ ಮೇಲ್ಭಾಗಕ್ಕೆ ಉತ್ತರ ಬರುವ ಹಾಗೆ ಇನ್ನೊಂದು ಸಲ ಬರೆಯೋಣ ಅಂತ ಜೊತೆಯ ಶಿಕ್ಷಕಿ ಹೇಳಿದರು. ನಾನು ಒಪ್ಪಲಿಲ್ಲ. ಬಾಣ 15 ಡಿಗ್ರಿ ಬಲಕ್ಕೆ ವಾಲಿಕೊಂಡಿದ್ದರೆ ಮಕ್ಕಳು ಹಾಳೆಯ ಅಂಚನ್ನು ಬಿಟ್ಟು ಬಾಣವನ್ನೇ ನೋಡಬೇಕಾಗುತ್ತದೆ. ನನಗೆ ಬೇಕಾಗಿದ್ದೂ ಅದೇ.

ಗುರುತುಗಳು

ಹಾಳೆಯಲ್ಲಿ ಒಂದೂ ಪದ ಬರೆಯಲಿಲ್ಲ. ಕಂಬಕ್ಕೆ ಚುಕ್ಕಿ ಇಟ್ಟ ವೃತ್ತ, ಮರಕ್ಕೆ ತುಂಬಿದ ವೃತ್ತ, ನಲ್ಲಿಗೆ ಚೌಕ, ಗೇಟಿಗೆ ಗೆರೆಯಲ್ಲಿ ಬಿಟ್ಟ ಸಂದು. ಸೂಚಿ ಹಾಳೆಯ ಹಿಂಬದಿಗೆ. ಕಾರಣ ಇಷ್ಟೇ: ಪದ ಇದ್ದರೆ ಮಕ್ಕಳು ಅದನ್ನು ಓದಲು ಹಾಳೆಯನ್ನು ನೆಟ್ಟಗೆ ತಿರುಗಿಸಿಕೊಳ್ಳುತ್ತಾರೆ, ಅಲ್ಲಿಗೆ ದಿಕ್ಕು ಹಾಳಾಯಿತು. ಯಾವ ಕಡೆಯಿಂದ ನೋಡಿದರೂ ಒಂದೇ ಥರ ಕಾಣುವ ಗುರುತು ಇದ್ದರೆ ಆ ತೊಂದರೆ ಇಲ್ಲ.

ನಕ್ಷೆ ಹಿಡಿದು ಮೈದಾನಕ್ಕೆ

ಮೊದಲ ಪಾಠ ನಕ್ಷೆಯನ್ನು ಕೂರಿಸುವುದು. ಹಾಳೆಯನ್ನು ನೆಲಕ್ಕೆ ಸಮವಾಗಿ ಹಿಡಿ, ಹಾಳೆಯ ಕಖ ಗೆರೆ ನಿಜವಾದ ಗೋಡೆಗೆ ಸಮಾನಾಂತರ ಆಗುವ ತನಕ ತಿರುಗಿಸು. ಈಗ ಬಾಣ ಸುಣ್ಣದ ಗೆರೆಯ ಕಡೆಗೇ ನೋಡುತ್ತಿರಬೇಕು. ನೀನು ನಿಂತ ಜಾಗದ ಮೇಲೆ ಹೆಬ್ಬೆರಳು ಇಡು. ನಡೆದ ಹಾಗೆ ಹೆಬ್ಬೆರಳೂ ನಡೆಯಲಿ. ನೀನು ತಿರುಗಿದರೂ ಹಾಳೆ ತಿರುಗಬಾರದು.

ಕೊನೆಯ ಮಾತು ಹೇಳಲು ಸುಲಭ. ಮಾಡುವಾಗ ಮೈ ತಿರುಗಿದ ಕೂಡಲೇ ಕೈಯೂ ಹಾಳೆ ಸಮೇತ ತಿರುಗುತ್ತದೆ. ಇಬ್ಬಿಬ್ಬರನ್ನು ಜೋಡಿ ಮಾಡಿದೆ. ಒಬ್ಬರು ನಡೆಯುವುದು, ಇನ್ನೊಬ್ಬರು ಬಾಣವನ್ನೇ ನೋಡುತ್ತಾ 'ಬಾಣ ಹೋಯ್ತು' ಅಂತ ಕೂಗುವುದು.

ಇನ್ನೊಂದು ತಪ್ಪು ಇದಕ್ಕಿಂತ ಕಳ್ಳ. ಕೆಲವರ ಹಾಳೆ ಗೋಡೆಗೆ ಸರಿಯಾಗಿ ಸಮಾನಾಂತರ ಇತ್ತು, ಆದರೆ ಪೂರ್ತಿ ಉಲ್ಟಾ. ಗೋಡೆಗಳು ಎರಡೂ ಕಡೆ ಇರುವುದರಿಂದ ಹಾಳೆ ತಲೆಕೆಳಗಾದರೂ ಗೆರೆಗಳು ಹೊಂದಿಕೊಳ್ಳುತ್ತವೆ. ಪತ್ತೆ ಮಾಡಲು ಗೆರೆ ಬಿಟ್ಟು ಒಂದು ವಸ್ತು ನೋಡಬೇಕು. ಕಂಬದ ಹತ್ತಿರ ನಿಂತು ಹೆಬ್ಬೆರಳಿಂದ ಮರದ ಗುರುತಿನ ಕಡೆಗೆ ಬೆರಳು ಚಾಚು, ಹಾಗೇ ತಲೆ ಎತ್ತು. ಎದುರಿಗೆ ಮರ ಕಾಣಬೇಕು. ಬೆನ್ನ ಹಿಂದೆ ಇದ್ದರೆ ಹಾಳೆ ಉಲ್ಟಾ.

ಎಡ-ಬಲ ಮತ್ತು ದಿಕ್ಕು ಬೇರೆ ಅಂತ ಗೊತ್ತಾಗಿದೆಯಾ ಅಂತ ತಿಳಿಯಲು ಒಂದೇ ಪ್ರಶ್ನೆ ಇಟ್ಟುಕೊಂಡಿದ್ದೆ. ಮರದ ಹತ್ತಿರ ನಿಂತು ಖ ಮೂಲೆಗೆ ಮುಖ ಮಾಡಿಸಿ, 'ನಲ್ಲಿ ಯಾವ ದಿಕ್ಕಿಗೆ? ಅದು ನಿನ್ನ ಯಾವ ಕೈ ಕಡೆ?' ನಲ್ಲಿ ಪಶ್ಚಿಮಕ್ಕಿದೆ, ಬಲಗೈ ಕಡೆ ಇದೆ. 'ಪಶ್ಚಿಮ ಸಾರ್, ಎಡಗಡೆ' ಅಂದ ಹುಡುಗ ಇನ್ನೂ ಗೋಡೆಯ ನಕ್ಷೆಯಲ್ಲೇ ಇದ್ದಾನೆ.

ದಾರಿ ಚೀಟಿ

ದೂರಕ್ಕೆ ಹೆಜ್ಜೆ ಲೆಕ್ಕ. ಟೇಪು ಹಾಸಿದ 30 ಮೀಟರ್ ಪಕ್ಕ ಮಾಮೂಲು ನಡಿಗೆಯಲ್ಲಿ ನಡೆದು, ಬಲಗಾಲು ಊರಿದಾಗ ಮಾತ್ರ ಎಣಿಸಬೇಕು. 25 ಬಂದರೆ ಒಂದು ಜೋಡಿ ಹೆಜ್ಜೆಗೆ 1.2 ಮೀಟರ್. ಪ್ರತಿ ಮಗುವೂ ತನ್ನ ಲೆಕ್ಕ ತಾನೇ ಬರೆದುಕೊಳ್ಳಬೇಕು. ಗೆಳೆಯನದ್ದು ನಡೆಯಲ್ಲ.

ಚೀಟಿ ಹೀಗಿತ್ತು: ಗೇಟಿನಿಂದ ವಾಯವ್ಯಕ್ಕೆ 18 ಮೀಟರ್, ಅಲ್ಲಿಂದ ಈಶಾನ್ಯಕ್ಕೆ 27, ಅಲ್ಲಿಂದ ಪಶ್ಚಿಮಕ್ಕೆ 35. ಎಲ್ಲಿ ಬಂದಿದ್ದೀರಿ? ನಕ್ಷೆಯ ಮೇಲೆ 9, 13.5 ಮತ್ತು 17.5 ಸೆಂ.ಮೀ. ಇಟ್ಟರೆ ಕಂಬ, ಮರ, ನಲ್ಲಿ ಸಿಗುತ್ತವೆ. 1.2 ಮೀಟರಿನ ಮಗುವಿಗೆ ಮೊದಲ ತುಂಡು 15 ಜೋಡಿ ಹೆಜ್ಜೆ, ಕೊನೆಯದು 29.

ಕಂಬ, ಮರ ಕಣ್ಣಿಗೆ ಕಾಣುವಷ್ಟು ಹೊತ್ತು ಎಲ್ಲ ಚೆನ್ನಾಗಿತ್ತು. ಹುಲ್ಲಿನಲ್ಲಿ ಬಾಟಲಿ ಮುಚ್ಚಳ ಬಚ್ಚಿಟ್ಟು ಅದೇ ಥರ ಚೀಟಿ ಕೊಟ್ಟಾಗ ಯಾರಿಗೂ ಸಿಗಲಿಲ್ಲ. ಹೆಜ್ಜೆ ಲೆಕ್ಕ ಸರಿಯೇ ಇತ್ತು. ತೊಂದರೆ ಎಂಟು ದಿಕ್ಕಿನ ಹೆಸರಲ್ಲೇ ಇದೆ. ಒಂದು ಹೆಸರು 45 ಡಿಗ್ರಿ ಅಗಲದ ಜಾಗವನ್ನು ಆವರಿಸುತ್ತದೆ. ನಡುವಿನಿಂದ 22 ಡಿಗ್ರಿ ಆಚೆ ಹೋದರೂ ಅದು 'ಪಶ್ಚಿಮ'ವೇ. 35 ಮೀಟರ್ ನಡೆಯುವಷ್ಟರಲ್ಲಿ ಅದು 13 ಮೀಟರ್ ಪಕ್ಕಕ್ಕೆ ಒಯ್ದಿರುತ್ತದೆ. ಹಾಗಾಗಿ ಮುಚ್ಚಳದ ಆಟಕ್ಕೆ ದಿಕ್ಕಿನ ಹೆಸರು ತೆಗೆದು, ನಕ್ಷೆಯ ಮೇಲೆ ಅಡ್ಡಗುರುತು ಹಾಕಿ ಕೊಟ್ಟೆ. ನಕ್ಷೆ ಕೂರಿಸು, ಅಳತೆಪಟ್ಟಿಯನ್ನು ನಿಂತ ಜಾಗದಿಂದ ಗುರುತಿಗೆ ಇಡು, ಪಟ್ಟಿಯ ಉದ್ದಕ್ಕೂ ಕಣ್ಣಾಡಿಸಿ ದೂರದ ಗೋಡೆಯಲ್ಲಿ ಒಂದು ಕಲೆಯನ್ನೋ ಬಿರುಕನ್ನೋ ಗುರುತಿಟ್ಟುಕೊಂಡು ಅದರ ಕಡೆಗೆ ನಡೆ. ಈಗ ಮುಚ್ಚಳಗಳು ಸಿಗತೊಡಗಿದವು, ಹೆಚ್ಚೆಂದರೆ ಎರಡು ಮೂರು ಹೆಜ್ಜೆ ಹುಡುಕಬೇಕಾಗುತ್ತಿತ್ತು.

ಪ್ರತಿ ತೆಗೆಯುವಾಗ

ಎಲ್ಲ ಮಕ್ಕಳಿಗೂ ಒಂದೊಂದು ಬೇಕಲ್ಲ, ಎ3 ಇಂದ ಎ4ಗೆ ಜೆರಾಕ್ಸ್ ಮಾಡಿಸಿದೆವು. ಆಗ ಎಲ್ಲ ಗೆರೆಯೂ ಮೊದಲಿನ 71 ಶೇಕಡಾಕ್ಕೆ ಇಳಿಯುತ್ತದೆ. ಗೇಟಿನಿಂದ ಕಂಬಕ್ಕೆ 9 ಸೆಂ.ಮೀ. ಇದ್ದದ್ದು 6.4 ಆಗುತ್ತದೆ. ಮೂಲೆಯಲ್ಲಿ ಬರೆದ '1:200' ಮಾತ್ರ ಹಾಗೇ ಇರುತ್ತದೆ. ಅದನ್ನು ನಂಬಿ ಎರಡರಿಂದ ಗುಣಿಸಿದರೆ 18 ಮೀಟರ್ ಇದ್ದದ್ದು 13 ಮೀಟರ್ ಅಂತ ಬರುತ್ತದೆ. ನಿಜವಾದ ಪ್ರಮಾಣ ಈಗ ಸುಮಾರು 1:283. ಅದಕ್ಕೇ ಜೆರಾಕ್ಸ್‌ಗೆ ಕೊಡುವ ಮುಂಚೆ ಅಂಕಿಯನ್ನು ಅಳಿಸಿ, ಹಾಳೆಯ ಕೆಳಗೆ 5 ಸೆಂ.ಮೀ. ಗೆರೆ ಎಳೆದು '10 ಮೀಟರ್' ಅಂತ ಬರೆದಿದ್ದೆವು. ಹಾಳೆಯ ಮೇಲಿದ್ದ ಬರಹ ಅದೊಂದೇ. ಹಾಳೆ ಕುಗ್ಗಿದರೆ ಆ ಗೆರೆಯೂ ಅಷ್ಟೇ ಕುಗ್ಗುತ್ತದೆ, ಲೆಕ್ಕ ಕೆಡಲ್ಲ. ಮಕ್ಕಳು ಒಂದು ಕಾಗದದ ಚೂರಿನ ಅಂಚಿಗೆ ಆ ಗೆರೆಯನ್ನು ಗುರುತು ಮಾಡಿಕೊಂಡು ಅದನ್ನೇ ಅಳತೆಪಟ್ಟಿಯಾಗಿ ಬಳಸಿದರು.